ಗುಪ್ತ ಗ್ರಾಹಕರ ಅಂಕದ ಹಾಳೆ: ಇಬ್ಬರು ಹೋಗಿ ಬಂದರೂ ಒಂದೇ ಅಂಕ ಬರುವಂತೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ರೆಸ್ಟೋರೆಂಟ್‌ಗೆ ಮೂರು ಶಾಖೆಗಳಿವೆ. ಗುರುತು ಹೇಳದೆ ಗ್ರಾಹಕರಂತೆ ಹೋಗಿ ಬರಲು ಕೆಲವರನ್ನು ಕಳಿಸುತ್ತೇವೆ. ಸೇವೆ, ಸ್ವಚ್ಛತೆ, ಮೆನು ಬಗ್ಗೆ ಸಿಬ್ಬಂದಿಯ ತಿಳಿವಳಿಕೆ ಅಂತ ಮೂರು ಭಾಗ ಮಾಡಿ 50 ಪ್ರಶ್ನೆ ಕೊಟ್ಟಿದ್ದೇವೆ, ಪ್ರತಿಯೊಂದಕ್ಕೂ 10ಕ್ಕೆ ಎಷ್ಟು ಅಂಕ ಅಂತ ಹಾಕಬೇಕು. ಹೆಚ್ಚಿನವರು 8, 9 ಹಾಕುತ್ತಾರೆ, ಆದರೂ ಗ್ರಾಹಕರ ದೂರು ನಿಂತಿಲ್ಲ. ಒಂದೇ ಶಾಖೆಗೆ ಒಂದೇ ವಾರದಲ್ಲಿ ಒಬ್ಬರು ಒಟ್ಟು ಶೇ. 91 ಕೊಟ್ಟರೆ ಇನ್ನೊಬ್ಬರು ಶೇ. 67 ಕೊಟ್ಟರು. ಹಾಳೆ ಹೇಗಿರಬೇಕು, ಅಂಕ ಹೇಗೆ ಹಂಚಬೇಕು?

ಉತ್ತರ: ‘10ಕ್ಕೆ ಎಷ್ಟು’ ಎಂದು ಕೇಳಿದ ಕ್ಷಣದಲ್ಲೇ ಹಾಳೆ ಕೈತಪ್ಪುತ್ತದೆ. ಒಬ್ಬರ 7 ಇನ್ನೊಬ್ಬರ 9. ಕೈ ಬಿಗಿ ಇರುವವರು 6ರ ಮೇಲೆ ಹೋಗುವುದಿಲ್ಲ, ದಾಕ್ಷಿಣ್ಯದವರು 8ಕ್ಕಿಂತ ಕೆಳಗೆ ಇಳಿಯುವುದಿಲ್ಲ. ನಿಮಗೆ ಬಂದ 91 ಮತ್ತು 67ರ ನಡುವಿನ ವ್ಯತ್ಯಾಸದಲ್ಲಿ ಶಾಖೆಯ ಪಾಲು ಎಷ್ಟು, ಹೋದವರ ಸ್ವಭಾವದ ಪಾಲು ಎಷ್ಟು ಎಂದು ಬಿಡಿಸಿ ನೋಡುವ ದಾರಿಯೇ ಆ ಹಾಳೆಯಲ್ಲಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಊಟ ರುಚಿಯಾಗಿದ್ದರೆ ಟೇಬಲ್ಲೂ ಸ್ವಚ್ಛವಾಗಿತ್ತು, ವೇಟರ್ ಕೂಡ ಚೆನ್ನಾಗಿ ಮಾತಾಡಿದ ಎಂದೇ ಮನಸ್ಸಿಗೆ ತೋರುತ್ತದೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದಾಗ ಇದನ್ನೇ ಕಂಡರು. ಮೈಕಟ್ಟಿಗೆ, ಬುದ್ಧಿಗೆ, ನಾಯಕತ್ವಕ್ಕೆ ಬೇರೆಬೇರೆಯಾಗಿ ಕೊಡಬೇಕಿದ್ದ ಅಂಕಗಳೆಲ್ಲ ಒಟ್ಟಿಗೇ ಏರುತ್ತಿದ್ದವು, ಒಟ್ಟಿಗೇ ಇಳಿಯುತ್ತಿದ್ದವು. ಇದಕ್ಕೆ ಅವರು ಇಟ್ಟ ಹೆಸರು ‘ಹೇಲೋ’, ಅಂದರೆ ಪ್ರಭಾವಳಿ. ನಿಮ್ಮ 50 ಪ್ರಶ್ನೆಗಳೂ ಒಂದೇ ಪ್ರಭಾವಳಿಯ ಬೆಳಕಿನಲ್ಲಿ ಭರ್ತಿಯಾಗುತ್ತಿವೆ. ಹಾಗಾಗಿ 50 ಪ್ರಶ್ನೆ ಕೇಳಿದರೂ ನಿಮಗೆ ಸಿಗುತ್ತಿರುವುದು ‘ಒಟ್ಟಿನಲ್ಲಿ ಹೇಗನ್ನಿಸಿತು’ ಎಂಬ ಒಂದೇ ಉತ್ತರ.

ಇದಕ್ಕೆ ಮದ್ದು ಪ್ರಶ್ನೆಯ ಮಾತಿನಲ್ಲೇ ಇದೆ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಗಡಿಯಾರ ತೋರಿಸಿದ್ದು, ಈ ಮೂರರಲ್ಲಿ ಒಂದರಿಂದ ಉತ್ತರಿಸಲು ಬರುವಂಥ ಪ್ರಶ್ನೆ ಮಾತ್ರ ಹಾಳೆಯಲ್ಲಿ ಇರಬೇಕು. ಒಂದೇ ಟೇಬಲ್‌ನಲ್ಲಿ ಕೂತ ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಒಂದೇ ಉತ್ತರ ಬರೆಯುತ್ತಾರೆಯೇ ಎಂದು ಪ್ರತಿ ಪ್ರಶ್ನೆಯನ್ನೂ ಒರೆಗೆ ಹಚ್ಚಿ.

‘ಟೇಬಲ್ ಸ್ವಚ್ಛವಾಗಿತ್ತೇ?’ ಎಂಬ ಪ್ರಶ್ನೆ ಈ ಒರೆಯಲ್ಲಿ ನಿಲ್ಲುವುದಿಲ್ಲ. ಬದಲಿಗೆ ಹೀಗೆ ಕೇಳಿ: ‘ಕೂತ ಕೂಡಲೇ ಟೇಬಲ್ ಮೇಲೆ ಹಿಂದಿನವರ ಆಹಾರದ ತುಣುಕು, ಕಲೆ ಅಥವಾ ನೀರು ಇತ್ತೇ? ಅಂಗೈ ಒತ್ತಿ ಎತ್ತಿದಾಗ ಅಂಟಿತೇ?’ ಅಂಗೈಯ ಪರೀಕ್ಷೆ ಸಣ್ಣದೆನ್ನಿಸಬಹುದು, ಆದರೆ ಅದು ಹೇಳುವುದು ಬಹಳ. ನೋಡಲು ಹೊಳೆಯುವ ಟೇಬಲ್ ಕೈಗೆ ಅಂಟಿದರೆ ಒರೆಸಿದ್ದಾರೆ, ಆದರೆ ಬಟ್ಟೆಯನ್ನು ಹಿಂಡಿ ತೊಳೆಯದೆ ಒಂದು ಟೇಬಲ್‌ನ ಜಿಡ್ಡನ್ನು ಇನ್ನೊಂದಕ್ಕೆ ಸವರಿಕೊಂಡು ಬಂದಿದ್ದಾರೆ ಎಂದರ್ಥ. ಇಲ್ಲವೇ ಸೋಪಿನ ದ್ರಾವಣ ಅತಿಯಾಗಿ, ಮೇಲಿಂದ ಬರಿ ನೀರಿನಲ್ಲಿ ಒರೆಸಿಲ್ಲ. ಒರೆಸಿಯೇ ಇಲ್ಲದಿರುವುದು ಒಂದು ತಪ್ಪು, ಕೊಳಕು ಬಟ್ಟೆಯಲ್ಲಿ ಒರೆಸುವುದು ಇನ್ನೊಂದು ತಪ್ಪು. ‘ಸ್ವಚ್ಛತೆ 10ಕ್ಕೆ 7’ ಎಂದು ಬಂದರೆ ಈ ಎರಡರಲ್ಲಿ ಯಾವುದನ್ನು ಸರಿಪಡಿಸಬೇಕು ಎಂದು ಮ್ಯಾನೇಜರಿಗೆ ತಿಳಿಯುವುದೇ ಇಲ್ಲ.

ಲೋಟದ್ದೂ ಹಾಗೆಯೇ. ಬೆಳಕಿಗೆ ಹಿಡಿದು ನೋಡಿ ಎಂದು ಹಾಳೆಯಲ್ಲೇ ಬರೆಯಿರಿ. ಅಂಚಿನಲ್ಲಿ ತುಟಿಯ ಗುರುತೋ ಬೆರಳಚ್ಚೋ ಇದ್ದರೆ ಅದು ತೊಳೆಯುವಲ್ಲಿ ಅಥವಾ ತೊಳೆದ ಮೇಲೆ ಎತ್ತಿಡುವಲ್ಲಿ ಆದ ತಪ್ಪು. ಲೋಟದ ಮೈತುಂಬ ಮಬ್ಬು ಬಿಳಿ ಪೊರೆ ಇದ್ದರೆ ಅದು ಸಾಮಾನ್ಯವಾಗಿ ಗಡಸು ನೀರಿನ ಲವಣ. ಅದಕ್ಕೆ ತೊಳೆಯುವವರನ್ನು ಬೈದು ಪ್ರಯೋಜನವಿಲ್ಲ, ನೀರಿನ ವ್ಯವಸ್ಥೆಯನ್ನೇ ನೋಡಬೇಕು. ಹಾಳೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಚೌಕ ಇಡಿ. ಅಂಕ ಹೋಗುವುದು ಮೊದಲನೆಯದಕ್ಕೆ ಮಾತ್ರ, ಎರಡನೆಯದು ಮಾಹಿತಿಗೆ.

ಗ್ರಾಹಕರಾಗಿ ಹೋದವರ ಕಣ್ಣಿಗೆ ಸಹಜವಾಗಿ ಬೀಳದ ಯಾವುದನ್ನೂ ಕೇಳಬೇಡಿ. ‘ಅಡುಗೆಮನೆ ಸ್ವಚ್ಛವಾಗಿತ್ತೇ’ ಎಂಬ ಪ್ರಶ್ನೆ ಇದ್ದರೆ ಅವರು ಒಂದೋ ಊಹಿಸಿ ಬರೆಯುತ್ತಾರೆ, ಇಲ್ಲವೇ ಬಾಗಿಲಲ್ಲಿ ಇಣುಕಿ ಸಿಕ್ಕಿಬೀಳುತ್ತಾರೆ. ಅಡುಗೆಮನೆಯನ್ನು ಒಳಗಿನವರೇ ತಪಾಸಣೆ ಮಾಡಬೇಕು, ಅದಕ್ಕೆ ಬೇರೆಯೇ ಪಟ್ಟಿ ಬೇಕು.

ಇನ್ನು ಸಮಯ. ‘30 ಸೆಕೆಂಡಿನೊಳಗೆ ಸ್ವಾಗತಿಸಿದರೇ? ಹೌದು/ಇಲ್ಲ’ ಎಂದು ಕೇಳುವುದು ವಾಡಿಕೆ. ಹಾಗೆ ಕೇಳಬೇಡಿ ಎಂಬುದು ನನ್ನ ಸಲಹೆ. 36 ಸೆಕೆಂಡ್ ಆಗಿದ್ದರೆ ‘ಪಾಪ, ಹೆಚ್ಚು ಕಡಿಮೆ 30 ತಾನೇ’ ಎಂದು ‘ಹೌದು’ ಬೀಳುತ್ತದೆ. ಅವರು ಸೆಕೆಂಡ್ ಬರೆಯಲಿ, ಅಂಕವನ್ನು ನೀವು ಕಚೇರಿಯಲ್ಲಿ ಹಾಕಿ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಮಿತಿಯನ್ನು ನಾಳೆ 45 ಸೆಕೆಂಡಿಗೆ ಬದಲಾಯಿಸಿದರೆ ಹಳೆಯ ಹಾಳೆಗಳಿಗೂ ಹೊಸ ಲೆಕ್ಕ ಹಾಕಬಹುದು. ಬರಿ ಹೌದು/ಇಲ್ಲ ಬರೆಸಿಕೊಂಡಿದ್ದರೆ ಅದು ಆಗುವುದಿಲ್ಲ.

ಗಡಿಯಾರ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದನ್ನೂ ಬರೆದಿಡಬೇಕು. ಸ್ವಾಗತದ ಸಮಯ: ಎರಡೂ ಕಾಲು ಹೊಸ್ತಿಲು ದಾಟಿದಲ್ಲಿಂದ ಸಿಬ್ಬಂದಿಯ ಮೊದಲ ಮಾತಿನವರೆಗೆ. ಕಣ್ಣಲ್ಲೇ ಗುರುತಿಸಿ ತಲೆಯಾಡಿಸಿದರೆ ಅದನ್ನು ಪಕ್ಕದಲ್ಲಿ ಬರೆಯಲಿ, ಆದರೆ ಗಡಿಯಾರ ನಿಲ್ಲಿಸುವುದು ಮಾತಿಗೇ. ಆರ್ಡರ್‌ನ ಸಮಯ: ಕೂತಲ್ಲಿಂದ ವೇಟರ್ ‘ಏನು ಬೇಕು’ ಎಂದು ಕೇಳಿದಲ್ಲಿಗೆ. ಇಲ್ಲಿ ಗ್ರಾಹಕರೇ ‘ಇನ್ನೂ ನೋಡ್ತಿದ್ದೀವಿ’ ಎಂದು ತಡ ಮಾಡಿದರೆ ಆ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ವೇಟರ್ ಮೊದಲ ಸಲ ಬಂದು ಕೇಳಿದ ಕ್ಷಣವೇ ಕೊನೆ. ಬಿಲ್‌ನ ಸಮಯ: ಕೇಳಿದಲ್ಲಿಂದ ಬಿಲ್ ಟೇಬಲ್ ಮೇಲೆ ಬಂದಲ್ಲಿಗೆ. ಹಣ ಕೊಟ್ಟು ಚಿಲ್ಲರೆ ಬರುವ ಹೊತ್ತನ್ನು ಇದರಲ್ಲಿ ಸೇರಿಸಬೇಡಿ. ಇಷ್ಟು ಸ್ಪಷ್ಟವಾಗಿ ಬರೆಯದಿದ್ದರೆ ಒಬ್ಬರ ‘4 ನಿಮಿಷ’ ಇನ್ನೊಬ್ಬರ ‘9 ನಿಮಿಷ’ ಆಗುತ್ತದೆ, ಇಬ್ಬರೂ ಸತ್ಯವನ್ನೇ ಬರೆದಿರುತ್ತಾರೆ.

50 ಪ್ರಶ್ನೆ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಟೇಬಲ್ ಮೇಲೆ ಹಾಳೆ ಬಿಚ್ಚುವಂತಿಲ್ಲ, ನೆನಪಿನಲ್ಲೇ ಹೊತ್ತು ತರಬೇಕು ಎಂಬುದನ್ನು ಮರೆಯಬೇಡಿ. 20ಕ್ಕೆ ಇಳಿಸಿ. 100 ಅಂಕವನ್ನು ಹೀಗೆ ಹಂಚಬಹುದು:

ಸೇವೆ, 40 ಅಂಕ: ಸ್ವಾಗತದ ಸಮಯ 6, ಆರ್ಡರ್ ತೆಗೆದುಕೊಂಡ ಸಮಯ 6, ಆರ್ಡರನ್ನು ತಿರುಗಿ ಓದಿ ಹೇಳಿದ್ದು 5, ಹೇಳಿದ್ದೇ ಬಂದದ್ದು 8, ಬಡಿಸಿದ ಮೇಲೆ ಒಮ್ಮೆ ಬಂದು ವಿಚಾರಿಸಿದ್ದು 5, ಬಿಲ್ ಬಂದ ಸಮಯ 5, ಬಿಲ್ ಸರಿಯಿದ್ದದ್ದು 5.

ಸ್ವಚ್ಛತೆ, 35 ಅಂಕ: ಟೇಬಲ್ 7, ಲೋಟ ತಟ್ಟೆ ಚಮಚ 7, ಟೇಬಲ್ ಸುತ್ತಲ ನೆಲ 4, ಮೆನು ಕಾರ್ಡ್ 4, ಸಿಬ್ಬಂದಿಯ ಕೈ ಮತ್ತು ಉಡುಪು 3, ಶೌಚಾಲಯ 10. ಶೌಚಾಲಯದ ಹತ್ತು ಅಂಕ ಐದು ಪ್ರಶ್ನೆಗಳಿಗೆ ತಲಾ ಎರಡು: ಒತ್ತಿದರೆ ಸೋಪು ಬಂತೇ, ನಲ್ಲಿಯಲ್ಲಿ ನೀರು ಬಂತೇ, ಕೈ ಒಣಗಿಸಲು ಏನಾದರೂ ಇತ್ತೇ, ನೆಲದ ಮೇಲೆ ನೀರು ನಿಂತಿರಲಿಲ್ಲವೇ, ಕಸದ ಬುಟ್ಟಿ ತುಂಬಿ ಹೊರಚೆಲ್ಲಿರಲಿಲ್ಲವೇ.

ತಿಳಿವಳಿಕೆ, 25 ಅಂಕ: ಸುಲಭದ ಪ್ರಶ್ನೆ 6, ಹೋಲಿಕೆಯ ಪ್ರಶ್ನೆ 7, ಒಳಗೆ ಏನೇನು ಹಾಕಿದ್ದಾರೆ ಎಂಬ ಪ್ರಶ್ನೆ 12.

ಈ ಹಂಚಿಕೆ ಕಲ್ಲಿನಲ್ಲಿ ಕೆತ್ತಿದ್ದಲ್ಲ. ನಿಮಗೆ ಬರುವ ದೂರುಗಳನ್ನು ಕೂತು ವಿಂಗಡಿಸಿ; ತಪ್ಪು ಆರ್ಡರ್ ಬಂದದ್ದರ ಬಗ್ಗೆಯೇ ದೂರು ಹೆಚ್ಚಿದ್ದರೆ ಆ ಪ್ರಶ್ನೆಗೂ, ಅದಕ್ಕೆ ಮೂಲವಾದ ‘ತಿರುಗಿ ಓದಿ ಹೇಳಿದರೇ’ ಎಂಬುದಕ್ಕೂ ಅಂಕ ಏರಿಸಿ. ಆದರೆ ಒಮ್ಮೆ ಇಟ್ಟ ಅಂಕವನ್ನು ಆರು ತಿಂಗಳಾದರೂ ಮುಟ್ಟಬೇಡಿ, ಇಲ್ಲದಿದ್ದರೆ ಶಾಖೆ ಸುಧಾರಿಸಿತೋ ಹಾಳೆ ಬದಲಾಯಿತೋ ಗೊತ್ತಾಗುವುದಿಲ್ಲ.

ಮೂರನೆಯ ಭಾಗದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಹಾಳೆಗಳು ಮುಗ್ಗರಿಸುವುದು ಇಲ್ಲಿ. ‘ಸಿಬ್ಬಂದಿಗೆ ಮೆನು ಬಗ್ಗೆ ಚೆನ್ನಾಗಿ ಗೊತ್ತಿತ್ತೇ?’ ಎಂದು ಕೇಳಿದರೆ ಹೋದವರಿಗೇ ಸರಿಯುತ್ತರ ಗೊತ್ತಿರುವುದಿಲ್ಲ. ಆಗ ಯಾರು ತಡವರಿಸದೆ ಗಟ್ಟಿಯಾಗಿ ಹೇಳಿದರೋ ಅವರಿಗೆ ಅಂಕ ಬೀಳುತ್ತದೆ. ತಪ್ಪನ್ನೇ ಗಟ್ಟಿಯಾಗಿ ಹೇಳಿದವರು ಮೇಲೆ, ‘ಒಂದು ನಿಮಿಷ, ಕೇಳಿ ಬರ್ತೀನಿ’ ಎಂದ ಪ್ರಾಮಾಣಿಕರು ಕೆಳಗೆ. ಇದು ತಲೆಕೆಳಗಾದ ಲೆಕ್ಕ.

ಹಾಗಾಗಿ ಮೂರು ಪ್ರಶ್ನೆಗಳನ್ನು ನೀವೇ ಬರೆದು ಕೊಡಿ, ಉತ್ತರವನ್ನು ನೀವೇ ಇಟ್ಟುಕೊಳ್ಳಿ. ಹೋದವರ ಕೆಲಸ ಪ್ರಶ್ನೆ ಕೇಳಿ, ವೇಟರ್ ಏನು ಹೇಳಿದರೋ ಅದನ್ನು ಅವರದೇ ಮಾತಿನಲ್ಲಿ ಬರೆದು ತರುವುದಷ್ಟೇ. ಅಂಕ ಹಾಕುವವರು ಕಚೇರಿಯಲ್ಲಿ ಉತ್ತರದ ಪಟ್ಟಿ ಇಟ್ಟುಕೊಂಡು ಹಾಕುತ್ತಾರೆ. ಆ ಪಟ್ಟಿಯನ್ನು ಮೆನು ಕಾರ್ಡ್ ನೋಡಿ ಮಾಡಬೇಡಿ. ಆ ವಾರ ಅಡುಗೆಮನೆಯಲ್ಲಿ ನಿಜವಾಗಿ ಬಳಕೆಯಲ್ಲಿರುವ ರೆಸಿಪಿ ಕಾರ್ಡನ್ನೂ, ಕೊಂಡು ತರುವ ಸಾಸ್, ಮಸಾಲೆಗಳ ಲೇಬಲನ್ನೂ ಮುಖ್ಯ ಅಡುಗೆಯವರ ಜೊತೆ ಕೂತು ಓದಿ ಬರೆಯಿರಿ. ಸಾಸಿನ ಬ್ರಾಂಡ್ ಬದಲಾದರೆ ಅದರೊಳಗಿನ ಪದಾರ್ಥವೂ ಬದಲಾಗಿರಬಹುದು; ಹಳೆಯ ಪಟ್ಟಿ ಇಟ್ಟುಕೊಂಡರೆ ಸರಿ ಹೇಳಿದ ಹುಡುಗನ ಅಂಕವನ್ನು ನೀವೇ ಕಿತ್ತುಕೊಂಡಂತಾಗುತ್ತದೆ.

ಸುಲಭದ ಪ್ರಶ್ನೆ ಎಂದರೆ ಎಲ್ಲ ಸಿಬ್ಬಂದಿಗೂ ಗೊತ್ತಿರಲೇಬೇಕಾದದ್ದು: ‘ಈ ಸೂಪ್ ಎಷ್ಟು ಜನಕ್ಕೆ ಆಗುತ್ತೆ?’ ಹೋಲಿಕೆಯ ಪ್ರಶ್ನೆ: ‘ಈ ಎರಡು ಸೂಪ್‌ಗಳಲ್ಲಿ ಖಾರ ಕಡಿಮೆ ಇರೋದು ಯಾವುದು?’ ‘ಎರಡೂ ಚೆನ್ನಾಗಿದೆ ಸರ್’ ಎಂಬ ಉತ್ತರಕ್ಕೆ ಸೊನ್ನೆ, ಏಕೆಂದರೆ ಕೇಳಿದವರಿಗೆ ಅದರಿಂದ ಏನೂ ತಿಳಿಯಲಿಲ್ಲ. ಮೂರನೆಯದು: ‘ಇದರಲ್ಲಿ ಕಡಲೆಕಾಯಿ ಇದೆಯಾ?’ ಕಡಲೆಕಾಯಿ, ಹಾಲು, ಎಳ್ಳು, ಗೋಧಿ ಮುಂತಾದವು ಅಲರ್ಜಿ ಇರುವವರಿಗೆ ಪ್ರಾಣದ ಮಾತು, ಅದಕ್ಕೇ 12 ಅಂಕ.

ಅಂಕ ಹಾಕುವ ಕ್ರಮ ಹೀಗಿರಲಿ. ತಕ್ಷಣ ಸರಿ ಹೇಳಿದರೆ ಪೂರ್ಣ. ‘ಗೊತ್ತಿಲ್ಲ, ಕೇಳಿ ಬರ್ತೀನಿ’ ಎಂದು ಹೋಗಿ ಸರಿಯುತ್ತರ ತಂದರೂ ಪೂರ್ಣ. ‘ಗೊತ್ತಿಲ್ಲ’ ಎಂದು ಅಲ್ಲಿಗೇ ಬಿಟ್ಟರೆ ಕಾಲು ಭಾಗ. ತಪ್ಪು ಹೇಳಿದರೆ ಸೊನ್ನೆ. ಕೇಳಿ ಬಂದವರಿಗೆ ಪೂರ್ಣ ಅಂಕ ಏಕೆ ಎಂದು ಕೆಲವು ಮಾಲೀಕರು ಆಕ್ಷೇಪಿಸುತ್ತಾರೆ. ಅಲ್ಲಿ ಒಂದಂಕ ಕಡಿದರೂ ಸಿಬ್ಬಂದಿ ಊಹಿಸಿ ಹೇಳುವುದನ್ನು ಕಲಿಯುತ್ತಾರೆ. ಅಲರ್ಜಿಯ ವಿಷಯದಲ್ಲಿ ಊಹೆಗಿಂತ ಅಪಾಯ ಇನ್ನೊಂದಿಲ್ಲ.

ಎರಡು ಎಚ್ಚರಿಕೆ. ನಿಜವಾಗಿ ಕಡಲೆಕಾಯಿ ಅಲರ್ಜಿ ಇರುವವರನ್ನು ಈ ಪ್ರಶ್ನೆ ಕೊಟ್ಟು ಕಳಿಸಲೇಬೇಡಿ. ಹಾಗೆಯೇ, ಇಲ್ಲದ ಅಲರ್ಜಿಯನ್ನು ಇದೆ ಎಂದು ಹೇಳಿಸಬೇಡಿ: ಹಾಗೆಂದರೆ ಅಡುಗೆಮನೆಯವರು ಬೇರೆ ಪಾತ್ರೆ ತೆಗೆದು, ಹಲಗೆ ತೊಳೆದು, ಉಳಿದ ಆರ್ಡರ್‌ಗಳನ್ನು ನಿಲ್ಲಿಸಬೇಕಾದೀತು. ‘ಇದರಲ್ಲಿ ಇದೆಯಾ?’ ಎಂದು ಕೇಳಿದರೆ ಸಾಕು. ಮೂರು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದರೆ ಪರೀಕ್ಷೆ ಎಂದು ತಕ್ಷಣ ಗೊತ್ತಾಗುತ್ತದೆ. ಎರಡನ್ನು ಆರ್ಡರ್ ಕೊಡುವಾಗ, ಒಂದನ್ನು ಆಮೇಲೆ ಕೇಳಿಸಿ. ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಬದಲಾಯಿಸಿ, ಶಾಖೆಯಿಂದ ಶಾಖೆಗೆ ಸುದ್ದಿ ಹೋಗಲು ಒಂದು ಫೋನ್ ಸಾಕು.

ಈಗ ಒಂದು ಭೇಟಿಯನ್ನು ಲೆಕ್ಕ ಹಾಕಿ ನೋಡೋಣ. ಸಮಯಗಳಿಗೆ ಈ ಮಿತಿ ಇಟ್ಟಿದ್ದೀರಿ ಎಂದುಕೊಳ್ಳಿ: ಸ್ವಾಗತ 30 ಸೆಕೆಂಡಿನೊಳಗೆ ಪೂರ್ಣ, 60ರವರೆಗೆ ಅರ್ಧ, ಆರ್ಡರ್‌ಗೆ 5 ನಿಮಿಷ ಪೂರ್ಣ, 8ರವರೆಗೆ ಅರ್ಧ, ಬಿಲ್‌ಗೂ ಅದೇ 5 ಮತ್ತು 8. ಅದನ್ನು ದಾಟಿದರೆ ಸೊನ್ನೆ.

ಮಧ್ಯಾಹ್ನ ಊಟದ ಹೊತ್ತಿಗೆ ಹೋದವರು ಬರೆದು ತಂದದ್ದು: ಸ್ವಾಗತ 48 ಸೆಕೆಂಡ್, 3 ಅಂಕ. ಆರ್ಡರ್ 4 ನಿಮಿಷ, 6 ಅಂಕ. ತಿರುಗಿ ಓದಿ ಹೇಳಲಿಲ್ಲ, 0. ಹೇಳಿದ್ದೇ ಬಂತು, 8. ಬಡಿಸಿದ ಮೇಲೆ ಯಾರೂ ಬಂದು ವಿಚಾರಿಸಲಿಲ್ಲ, 0. ಬಿಲ್‌ಗೆ 9 ನಿಮಿಷ, 0. ಬಿಲ್ ಸರಿಯಿತ್ತು, 5. ಸೇವೆಗೆ 40ಕ್ಕೆ 22.

ಸ್ವಚ್ಛತೆಯಲ್ಲಿ ಟೇಬಲ್ 7, ಲೋಟದ ಅಂಚಿನಲ್ಲಿ ತುಟಿಯ ಗುರುತಿದ್ದುದರಿಂದ 0, ನೆಲ 4, ಸಿಬ್ಬಂದಿಯ ಉಡುಪು 3. ಶೌಚಾಲಯದಲ್ಲಿ ಸೋಪು ಖಾಲಿ, ಉಳಿದದ್ದೆಲ್ಲ ಸರಿ, 8. ಮೆನು ಕಾರ್ಡ್ ಇರಲೇ ಇಲ್ಲ, ಅಂದು ಗೋಡೆಯ ಬೋರ್ಡಿನಲ್ಲಿ ಬರೆದಿದ್ದರು. ಹಾಗಾಗಿ ಆ 4 ಅಂಕದ ಪ್ರಶ್ನೆ ಅನ್ವಯಿಸುವುದಿಲ್ಲ. ಸಿಕ್ಕಿದ್ದು 22.

ಇಲ್ಲಿ ಅನೇಕರು ಎಡವುತ್ತಾರೆ. ಅನ್ವಯಿಸದ್ದಕ್ಕೆ ಸೊನ್ನೆ ಹಾಕಿದರೆ 35ಕ್ಕೆ 22, ಅಂದರೆ ಶೇ. 62.9, ಶಾಖೆಗೆ ಅನ್ಯಾಯ. ಪೂರ್ಣ ಹಾಕಿದರೆ 35ಕ್ಕೆ 26, ಶೇ. 74.3, ಮಾಡದ ಕೆಲಸಕ್ಕೆ ಕೂಲಿ. ಸರಿಯಾದ ದಾರಿ ಆ 4ನ್ನು ಮೇಲಿಂದಲೂ ಕೆಳಗಿಂದಲೂ ತೆಗೆಯುವುದು: 31ಕ್ಕೆ 22, ಶೇ. 71. ಭಾಗಕ್ಕೆ ಇಟ್ಟ 35ರಲ್ಲಿ ಶೇ. 71 ಎಂದರೆ 24.8 ಅಂಕ. ಹೀಗೆ ಮಾಡಿದರೆ ಸ್ವಚ್ಛತೆಯ ಒಟ್ಟು ತೂಕ 35ರಲ್ಲೇ ಉಳಿಯುತ್ತದೆ, ಬೇರೆ ಭೇಟಿಗಳ ಜೊತೆ ಹೋಲಿಸಲು ಬರುತ್ತದೆ.

ಆದರೆ ‘ಅನ್ವಯಿಸುವುದಿಲ್ಲ’ ಎಂಬ ಚೌಕವನ್ನು ಎಲ್ಲ ಪ್ರಶ್ನೆಗಳ ಮುಂದೆ ಇಡಬೇಡಿ. ನೋಡಲು ಮರೆತವರೂ, ಕೆಟ್ಟದ್ದು ಬರೆಯಲು ಸಂಕೋಚಪಡುವವರೂ ಅದರೊಳಗೆ ಅಡಗಿಕೊಳ್ಳುತ್ತಾರೆ. ಸನ್ನಿವೇಶವೇ ಬರದೆ ಹೋಗಬಹುದಾದ ಎರಡು ಮೂರು ಪ್ರಶ್ನೆಗೆ ಮಾತ್ರ ಇರಲಿ. ಶೌಚಾಲಯಕ್ಕೆ ಬೀಗ ಹಾಕಿತ್ತು ಎಂಬುದು ‘ಅನ್ವಯಿಸುವುದಿಲ್ಲ’ ಅಲ್ಲ. ಗ್ರಾಹಕರಿಗೆ ಅದು ಇರಲಿಲ್ಲ, ಹತ್ತೂ ಅಂಕ ಹೋಗಬೇಕು.

ತಿಳಿವಳಿಕೆಯಲ್ಲಿ ಸುಲಭದ ಪ್ರಶ್ನೆಗೆ 6, ಹೋಲಿಕೆಗೆ ‘ಎರಡೂ ಚೆನ್ನಾಗಿದೆ’ ಎಂದದ್ದರಿಂದ 0, ಕಡಲೆಕಾಯಿಯ ಬಗ್ಗೆ ಅಡುಗೆಮನೆಗೆ ಹೋಗಿ ಕೇಳಿ ಬಂದು ಸರಿಯಾಗಿ ಹೇಳಿದ್ದರಿಂದ 12. ಒಟ್ಟು 25ಕ್ಕೆ 18. ಮೂರೂ ಸೇರಿ 22, 24.8, 18: ಅಂದರೆ 64.8.

ಗಮನಿಸಿ, ಈ ಭೇಟಿಯಲ್ಲಿ ಊಟ ಸರಿಯಾಗಿ ಬಂದಿದೆ, ಯಾರೂ ಒರಟಾಗಿ ನಡೆದುಕೊಂಡಿಲ್ಲ. ನಿಮ್ಮ ಹಳೆಯ ಹಾಳೆಯಲ್ಲಿ ಇದಕ್ಕೆ ಸಲೀಸಾಗಿ 8, 9 ಬೀಳುತ್ತಿತ್ತು. ಆದರೆ ಬಡಿಸಿದ ಮೇಲೆ ಯಾರೂ ತಿರುಗಿ ನೋಡಲಿಲ್ಲ, ಬಿಲ್‌ಗೆ 9 ನಿಮಿಷ ಕಾದರು. ಊಟ ಬಂದ ಮೇಲೆ ಆ ಟೇಬಲನ್ನು ಯಾರೂ ಗಮನಿಸುತ್ತಿಲ್ಲ ಎಂಬುದು ಈ ಎರಡು ಸೊನ್ನೆಗಳಿಂದ ಎದ್ದು ಕಾಣುತ್ತದೆ. ಮ್ಯಾನೇಜರಿಗೆ ಕೆಲಸಕ್ಕೆ ಬರುವುದು 64.8 ಎಂಬ ಮೊತ್ತಕ್ಕಿಂತ ಇದು.

ಕಡಲೆಕಾಯಿ ಇದ್ದೂ ‘ಇಲ್ಲ ಸರ್’ ಎಂದಿದ್ದರೆ? ಲೆಕ್ಕದಲ್ಲಿ 12 ಹೋಗಿ 52.8 ಆಗುತ್ತದೆ. ಆದರೆ ಅದನ್ನು ಲೆಕ್ಕಕ್ಕೆ ಬಿಡಲೇಬಾರದು, ಏಕೆಂದರೆ ಉಳಿದದ್ದೆಲ್ಲ ಸರಿಯಿದ್ದ ಶಾಖೆಯಲ್ಲಿ ಇದೇ ತಪ್ಪಾದರೆ ಹಾಳೆ 88 ತೋರಿಸಿ ಎಲ್ಲರೂ ಸಮಾಧಾನ ಪಡುತ್ತಾರೆ. ಎರಡು ಸಂಗತಿಗಳನ್ನು ಹಾಳೆಯ ತಲೆಯಲ್ಲಿ ಕೆಂಪು ಚೌಕದಲ್ಲಿ ಇಡಿ: ಅಲರ್ಜಿಯ ಪದಾರ್ಥದ ಬಗ್ಗೆ ತಪ್ಪು ಮಾಹಿತಿ, ಮತ್ತು ತಟ್ಟೆಯಲ್ಲಿ ಕೂದಲು, ಹುಳು, ಗಾಜಿನಂಥ ಬೇಡದ ವಸ್ತು. ಇವುಗಳಲ್ಲಿ ಒಂದಾದರೂ ಗುರುತು ಬಿದ್ದರೆ ಒಟ್ಟು ಅಂಕ ಹಾಕುವುದಿಲ್ಲ, ಅದೇ ದಿನ ಶಾಖೆಗೆ ಫೋನ್ ಹೋಗುತ್ತದೆ. ಕೆಂಪು ಚೌಕದ ಪಟ್ಟಿಯನ್ನು ಬೆಳೆಸಬೇಡಿ. ಹತ್ತು ಸಂಗತಿ ಸೇರಿಸಿದರೆ ವಾರಕ್ಕೊಮ್ಮೆ ಬೆಲ್ ಹೊಡೆದು, ಕೊನೆಗೆ ಯಾರೂ ತಿರುಗಿ ನೋಡುವುದಿಲ್ಲ.

ಭರ್ತಿ ಮಾಡುವ ಬಗ್ಗೆ. ಪ್ರಶ್ನೆಗಳು ಭಾಗದ ಪ್ರಕಾರ ಬೇಡ, ಭೇಟಿ ನಡೆಯುವ ಕ್ರಮದಲ್ಲೇ ಇರಲಿ: ಬಾಗಿಲು, ಟೇಬಲ್, ಮೆನು, ಆರ್ಡರ್, ತಟ್ಟೆ, ಶೌಚಾಲಯ, ಬಿಲ್. ನಡೆದ ದಾರಿಯಲ್ಲೇ ನೆನಪು ಹಿಂದಕ್ಕೆ ಹೋಗುತ್ತದೆ. ಭಾಗವಾರು ಕೂಡಿಸುವುದು ಕಚೇರಿಯ ಕೆಲಸ. ಸಮಯಗಳನ್ನು ಮೊಬೈಲಿನಲ್ಲಿ ತಮಗೇ ಮೆಸೇಜ್ ಹಾಕಿಕೊಂಡರೆ ಸಾಕು. ಮೊಬೈಲ್ ನೋಡುತ್ತ ಕೂತ ಗ್ರಾಹಕರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೊರಬಂದು ಒಂದು ಗಂಟೆಯೊಳಗೆ ಹಾಳೆ ಮುಗಿಸಬೇಕು, ಬಿಲ್‌ನ ಫೋಟೊ ಜೊತೆಗಿರಬೇಕು. ಬಿಲ್ ಮೇಲೆ ಅಚ್ಚಾದ ಸಮಯ ಮತ್ತು ಹಾಳೆಯಲ್ಲಿ ಬರೆದ ಸಮಯ ತಾಳೆಯಾಗದಿದ್ದರೆ ಮನೆಯಲ್ಲಿ ಕೂತು ಬರೆದದ್ದೋ ಎಂದು ವಿಚಾರಿಸಲು ಅದೇ ಆಧಾರ.

ಪ್ರತಿ ‘ಇಲ್ಲ’ದ ಮುಂದೆ ಒಂದು ವಾಕ್ಯ ಬರೆಯಲೇಬೇಕು ಎಂದು ನಿಯಮ ಮಾಡಿ, ಅದರಲ್ಲಿ ವಿಶೇಷಣ ಇರಬಾರದು. ‘ವೇಟರ್ ಉದಾಸೀನ ಮಾಡಿದ’ ಎಂಬುದು ಬೇಡ. ‘ಎರಡು ಸಲ ಕೈ ಎತ್ತಿದೆ, ಕೌಂಟರ್ ಬಳಿ ಇಬ್ಬರು ಮಾತಾಡುತ್ತ ನಿಂತಿದ್ದರು, ಮೂರನೆಯ ಸಲ ಬಂದರು’ ಎಂಬುದು ಬೇಕು. ‘ಒಟ್ಟಿನಲ್ಲಿ ಹೇಗನ್ನಿಸಿತು, ಮತ್ತೆ ಬರುತ್ತೀರಾ’ ಎಂಬುದನ್ನು ಹಾಳೆಯ ಕೊನೆಗೆ ಕೇಳಿ, ಅಂಕಕ್ಕೆ ಸೇರಿಸಬೇಡಿ.

ಹೊಸ ಹಾಳೆಯನ್ನು ನೇರವಾಗಿ ಬಳಕೆಗೆ ತರಬೇಡಿ. ಇಬ್ಬರನ್ನು ಒಟ್ಟಿಗೆ ಒಂದೇ ಟೇಬಲ್‌ಗೆ ಕಳಿಸಿ, ಹೊರಬಂದ ಮೇಲೆ ಪರಸ್ಪರ ಮಾತಾಡದೆ ಬೇರೆ ಬೇರೆ ಹಾಳೆ ತುಂಬಲಿ. ಇಂಥ ಎರಡು ಮೂರು ಜೋಡಿ ಭೇಟಿ ಆದ ಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ 20 ಪ್ರಶ್ನೆಗಳಲ್ಲಿ ಮೂರೋ ನಾಲ್ಕೋ ಪ್ರತಿ ಸಲ ಹೊಂದುವುದಿಲ್ಲ ಎಂದು ಕಾಣಬಹುದು. ತಪ್ಪು ಆ ಪ್ರಶ್ನೆಗಳದ್ದು, ಬರೆದವರದ್ದಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳುವುದು ‘ಬಂದು ವಿಚಾರಿಸಿದರೇ’ ಎಂಬ ಪ್ರಶ್ನೆ: ನೀರು ತುಂಬಲು ಬಂದವರು ‘ಸರೀನಾ ಸರ್’ ಎಂದದ್ದನ್ನು ಒಬ್ಬರು ಎಣಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ‘ಮೊದಲ ತಟ್ಟೆ ಬಂದು 5 ನಿಮಿಷದೊಳಗೆ ಯಾವುದೇ ಸಿಬ್ಬಂದಿ ಊಟದ ಬಗ್ಗೆ ಅಥವಾ ಇನ್ನೇನು ಬೇಕೆಂದು ಬಾಯಿಬಿಟ್ಟು ಕೇಳಿದರೇ’ ಎಂದು ತಿದ್ದಿದರೆ ಜಗಳ ಮುಗಿಯುತ್ತದೆ.

ಇನ್ನು ಓದುವ ಬಗೆ. ಒಂದು ಭೇಟಿ ಎಂದರೆ ಒಂದು ಗಂಟೆ, ಒಂದು ಟೇಬಲ್, ಒಬ್ಬ ವೇಟರ್. ಒಬ್ಬರು ಐದರಲ್ಲಿ ನಾಲ್ಕು ಸಲ ಆರ್ಡರನ್ನು ತಿರುಗಿ ಓದಿ ಹೇಳುತ್ತಾರೆ, ಒಂದು ಸಲ ಬಿಡುತ್ತಾರೆ ಎಂದುಕೊಳ್ಳಿ. ಮೂರು ಭೇಟಿಯಲ್ಲೂ ‘ಹೌದು’ ಬೀಳುವ ಸಾಧ್ಯತೆ 0.8 × 0.8 × 0.8, ಅಂದರೆ 0.512. ಐದರಲ್ಲಿ ಒಂದು ಸಲ ತಪ್ಪುವ ಶಾಖೆಯೂ ಅರ್ಧಕ್ಕರ್ಧ ಸಲ ನಿಮಗೆ ಕಲೆಯಿಲ್ಲದ ಹಾಗೆ ಕಾಣುತ್ತದೆ. ಆದ್ದರಿಂದ ಈ ತಿಂಗಳು 64.8, ಮುಂದಿನ ತಿಂಗಳು 69 ಬಂದರೆ ಸುಧಾರಿಸಿತು ಎನ್ನಬೇಡಿ. ಒಂದು ‘ತಿರುಗಿ ಓದಿದ್ದು’ ಐದಂಕ ತರುತ್ತದೆ, ಅಷ್ಟೇ.

ಮೂರು ಶಾಖೆಗೆ ತಿಂಗಳಿಗೆ ನಾಲ್ಕರಂತೆ ಭೇಟಿ ಮಾಡಿಸಿದರೆ ಮೂರು ತಿಂಗಳಲ್ಲಿ 36 ಹಾಳೆ. ಅವನ್ನು ಮೊತ್ತದಿಂದ ಓದದೆ ಪ್ರಶ್ನೆಯಿಂದ ಓದಿ. ‘ತಿರುಗಿ ಓದಿ ಹೇಳಿದ್ದು: 36ಕ್ಕೆ 11’ ಎಂದು ಬಂದರೆ ತಪ್ಪು ಯಾವುದೋ ಒಬ್ಬ ವೇಟರನದ್ದಲ್ಲ, ಯಾರಿಗೂ ಅದನ್ನು ಕಲಿಸಿಲ್ಲ. ‘ಸೋಪು: ಸಂಜೆಯ 12 ಭೇಟಿಯಲ್ಲಿ 7 ಸಲ ಖಾಲಿ, ಬೆಳಗ್ಗೆ ಒಮ್ಮೆಯೂ ಇಲ್ಲ’ ಎಂದಾದರೆ ಬೆಳಗ್ಗೆ ತುಂಬಿದ್ದು ಮಧ್ಯಾಹ್ನಕ್ಕೇ ಮುಗಿಯುತ್ತಿದೆ, ಮಧ್ಯೆ ಒಮ್ಮೆ ನೋಡುವ ಹೊಣೆ ಯಾರಿಗೂ ಇಲ್ಲ. ಹಾಳೆಯ ಮೇಲೆ ವಾರ, ಗಂಟೆ, ಅಂದಾಜು ಎಷ್ಟು ಟೇಬಲ್ ತುಂಬಿತ್ತು ಎಂಬುದನ್ನು ಬರೆಸಿರಬೇಕು, ಇಲ್ಲದಿದ್ದರೆ ಇಂಥದ್ದು ಹೊರಬರುವುದಿಲ್ಲ. ಭೇಟಿಗಳೆಲ್ಲ ಹೋಗುವವರಿಗೆ ಬಿಡುವಿರುವ ಹೊತ್ತಿಗೇ ಬೀಳದಂತೆ ಗಂಟೆಗಳನ್ನು ನೀವೇ ಹಂಚಿ.

ಅಂಗಡಿಯಾದರೆ ಹಾಳೆಯ ಮೂಳೆ ಇದೇ, ಮಾಂಸ ಬೇರೆ. ಆರ್ಡರ್‌ನ ಜಾಗದಲ್ಲಿ ‘ಒಂದೇ ಕಪಾಟಿನ ಮುಂದೆ ನಿಂತಲ್ಲಿಂದ ಸಿಬ್ಬಂದಿ ಬಂದು ಕೇಳಿದಲ್ಲಿಗೆ’, ಬಿಲ್‌ನ ಜಾಗದಲ್ಲಿ ‘ಸಾಲಿನ ಕೊನೆಗೆ ನಿಂತಲ್ಲಿಂದ ಬಿಲ್ ಕೈಗೆ ಬಂದಲ್ಲಿಗೆ, ಮುಂದೆ ಎಷ್ಟು ಜನ ಇದ್ದರು’ ಎಂದು ಬರುತ್ತದೆ. ಶೌಚಾಲಯದ ಅಂಕ ಟ್ರಯಲ್ ರೂಮ್ ಮತ್ತು ಕಪಾಟಿನ ಧೂಳಿಗೆ ಹೋಗುತ್ತದೆ. ಉಳಿದ ಎರಡು ಭಾಗಗಳಿಂದ ಹತ್ತು ಅಂಕ ತೆಗೆದು ತಿಳಿವಳಿಕೆಗೆ 25ರ ಬದಲು 35 ಇಡಿ, ಏಕೆಂದರೆ ಅಲ್ಲಿ ಮಾರಾಟವೇ ಮಾತಿನ ಮೇಲೆ ನಿಂತಿದೆ. ‘ವಾರಂಟಿಯಲ್ಲಿ ಏನು ಸೇರಿಲ್ಲ?’ ಎಂಬ ಪ್ರಶ್ನೆ ಬಹಳ ಕೆಲಸಕ್ಕೆ ಬರುತ್ತದೆ. ಏನು ಸೇರಿದೆ ಎಂದು ಎಲ್ಲರೂ ಹೇಳುತ್ತಾರೆ.

ಕೊನೆಯದಾಗಿ ಸಿಬ್ಬಂದಿಯ ಮಾತು. ಗುಪ್ತ ಗ್ರಾಹಕರು ಬರುತ್ತಾರೆ, ಏನೇನು ನೋಡುತ್ತಾರೆ ಎಂದು ಅವರಿಗೆ ಮೊದಲೇ ತಿಳಿಸಿ; ಯಾವಾಗ, ಯಾರು ಎಂಬುದಷ್ಟೇ ಗುಟ್ಟು. ಮಾರುಕಟ್ಟೆ ಸಂಶೋಧಕರ ಅಂತರರಾಷ್ಟ್ರೀಯ ಸಂಸ್ಥೆಯಾದ ಎಸೊಮಾರ್‌ನ ಮಾರ್ಗಸೂಚಿಯೂ ಸಿಬ್ಬಂದಿಗೆ ಮುಂಚೆ ತಿಳಿಸಬೇಕು ಎನ್ನುತ್ತದೆ. ಒಂದು ಹಾಳೆಯ ಮೇಲೆ ಯಾರ ಸಂಬಳವನ್ನೂ ಕಡಿಯಬೇಡಿ. ಹಾಗೆ ಮಾಡಿದ ಕಡೆ ಸಿಬ್ಬಂದಿಯ ಗಮನವೆಲ್ಲ ಗುಪ್ತ ಗ್ರಾಹಕರನ್ನು ಪತ್ತೆ ಹಚ್ಚುವುದಕ್ಕೇ ಹೋಗುತ್ತದೆ: ಒಬ್ಬರೇ ಬಂದು ಕೂತು ಸುತ್ತ ನೋಡಿ, ಪದಾರ್ಥ ವಿಚಾರಿಸಿ, ಶೌಚಾಲಯಕ್ಕೆ ಹೋದವರಿಗೆ ರಾಜೋಪಚಾರ, ಪಕ್ಕದ ಟೇಬಲ್‌ಗೆ ನೀರೂ ಇಲ್ಲ. ಇದು ನಡೆಯುತ್ತಿದೆಯೇ ಎಂದು ತಿಳಿಯಲು ಹಾಳೆಯಲ್ಲಿ ಅಂಕವಿಲ್ಲದ ಒಂದು ಪ್ರಶ್ನೆ ಸೇರಿಸಿ: ‘ಪಕ್ಕದ ಟೇಬಲ್‌ನವರು ಕೂತಲ್ಲಿಂದ ಅವರ ಆರ್ಡರ್ ತೆಗೆದುಕೊಳ್ಳಲು ಎಷ್ಟು ನಿಮಿಷ ಆಯಿತು?’ ನಿಮ್ಮವರಿಗೆ 2 ನಿಮಿಷ, ಪಕ್ಕದವರಿಗೆ 11 ಎಂದು ಎರಡು ಮೂರು ಹಾಳೆಯಲ್ಲಿ ಬಂದರೆ ನೀವು ಕಳಿಸಿದವರ ಗುರುತು ಹತ್ತಿದೆ, ಆ ಹಾಳೆಗಳನ್ನು ಪಕ್ಕಕ್ಕಿಟ್ಟು ಬೇರೆಯವರನ್ನು ಕಳಿಸಿ.